ಫ್ರಾಂಚೈಸಿಗೆ ದುಡ್ಡು ಕಟ್ಟೋಕ್ ಮುಂಚೆ ಇದನ್ನ ಓದು ಪುಟ್ಟ

"ಅತ್ತೆ, ಜ್ಯೂಸ್ ಅಂಗಡಿ ಬಾಗ್ಲು ಹಾಕಿದ್ದಾಯ್ತು. ಕೈಲಿರೋದು 1.75 ಲಕ್ಷ. ಟೀ ಫ್ರಾಂಚೈಸಿ ಒಂದು ಬಂದಿದೆ, ತಗೊಳ್ಲಾ, ಬೇರೆ ಏನಾದ್ರೂ ನೋಡ್ಲಾ?"

ಪುಟ್ಟ, ವಾಯ್ಸ್ ಕಳ್ಸೋಣ ಅಂದ್ರೆ ಇಲ್ಲಿ ಮಿಕ್ಸಿ ಸದ್ದು, ಅದಕ್ಕೇ ಟೈಪ್ ಮಾಡ್ತಿದೀನಿ, ಉದ್ದ ಆಗುತ್ತೆ. ನಿನ್ ಜ್ಯೂಸಲ್ಲಿ ತಪ್ಪೇನಿರ್ಲಿಲ್ಲ ಕಣೋ, ಬಾಡಿಗೆ 18 ಸಾವಿರ, ಹುಡುಗನ ಸಂಬಳ 12, ಅಲ್ಲಿಗೆ ದಿನಕ್ಕೆ ಸಾವಿರ ರೂಪಾಯಿ ಹೋಯ್ತು. 40 ರೂಪಾಯಿ ಗ್ಲಾಸಲ್ಲಿ ಹಣ್ಣು ಸಕ್ಕರೆ ಕಳೆದು ನಿಂಗುಳೀತಿದ್ದಿದ್ದು 15, ಅಂದ್ರೆ 67 ಗ್ಲಾಸ್ ಹೋಗೋವರ್ಗೂ ನೀನು ದುಡೀತಿದ್ದಿದ್ದು ಬಿಲ್ಡಿಂಗ್ ಓನರಿಗೆ. ಮೈಸೂರು ಮಳೇಲಿ 30 ಹೋದ್ರೆ ಹೆಚ್ಚು. ಟೀ ಅಂಗಡಿಗೂ ಅದೇ ಬಾಡಿಗೆ, ಅದೇ ಹುಡುಗ, ಮೇಲೆ ವಾಪಸ್ ಬರದ ಫೀಸು ಬೇರೆ!

ಈಗ 75 ಸಾವಿರ ಮನೆ ಖರ್ಚಿಗೆ, ಮೂರು ತಿಂಗ್ಳಿಗೆ ಅಂತ ಬೇರೆ ಅಕೌಂಟಿಗೆ ಹಾಕ್ಬಿಡು. ಉಳಿದಿದ್ರಲ್ಲಿ ಟ್ರಯಲ್‌ಗೆ 40 ಸಾವಿರ, ಅದು ಮುಗೀತು ಅಂದ್ರೆ ನಿಲ್ಸೋದೇ. ಓನರ್ ಹತ್ರ ಇರೋ ಅಡ್ವಾನ್ಸ್ ಕೈಗೆ ಬರೋವರ್ಗೂ ಲೆಕ್ಕಕ್ಕೆ ತಗೋಬೇಡ.

ಆಮೇಲೆ ಏನುಳಿದಿದೆ ನೋಡು. ದೊಡ್ಡ ಫ್ರಿಜ್ ಇದೆ, ಎರಡು ಅಪಾರ್ಟ್‌ಮೆಂಟಿನ ಗಿರಾಕಿಗಳ ನಂಬರ್ ಇದೆ. ನಂಗೆ ತೋಚೋದು ದೋಸೆ ಹಿಟ್ಟು. 1 ಕೆಜಿ ಅಕ್ಕಿ, ಕಾಲು ಕೆಜಿ ಉದ್ದಿನಬೇಳೆ, ಚೂರು ಮೆಂತ್ಯ ಹಾಕಿದ್ರೆ ಸುಮಾರು 3 ಕೆಜಿ ಹಿಟ್ಟಾಗುತ್ತೆ, ಕೆಜಿಗೆ 30 ರೂಪಾಯಿ ಸಾಮಾನು, ಕವರು ಕರೆಂಟು ಪೆಟ್ರೋಲ್ ಅಂತ ಇನ್ನೊಂದು 10 ಇಡು. 60ಕ್ಕೆ ಮಾರಿದ್ರೆ 20 ಉಳೀತು. ದಿನಕ್ಕೆ 15 ಕೆಜಿ ಹೋದ್ರೂ ತಿಂಗ್ಳಿಗೆ 9 ಸಾವಿರಾನೇ, ಮನೆ ನಡಿಯಲ್ಲ ಅದ್ರಲ್ಲಿ, ಸುಳ್ಳು ಹೇಳಲ್ಲ. ಆದ್ರೆ ಮಾರದ ದಿನ ಬಾಡಿಗೆ ಕಟ್ಟೋ ಹಾಗಿಲ್ವಲ್ಲ, ಬೆಳಿಗ್ಗೆ ಕೊಟ್ರೆ ಅವತ್ತೇ ದುಡ್ಡು. ನಾನು ಹಪ್ಪಳ ಮಾಡಿ ಅಂಗಡಿಗಳಿಗೆ ಸಾಲಕ್ಕೆ ಕೊಟ್ಟು ಕೆಟ್ಟಿದ್ದು ನಿಂಗೆ ಗೊತ್ತು, ಹಿಟ್ಟಂತೂ ಅಂಗಡಿಗೆ ಹಾಕ್ಲೇಬೇಡ, ಹುಳಿ ಬಂದಿದ್ದೆಲ್ಲ ವಾಪಸ್ ಕೊಡ್ತಾರೆ. ಹಿಂದಿನ ದಿನ ಸಂಜೆ ಆರ್ಡರ್ ಬಂದಷ್ಟೇ ರುಬ್ಬು. ಬೇಸಿಗೇಲಿ ಬೇಗ ಉಬ್ಬುತ್ತೆ, ಹುದುಗು ಬಂದ್ ತಕ್ಷಣ ಫ್ರಿಜ್ಜಿಗೆ ಹಾಕು, ಕವರ್ ಪೂರ್ತಿ ತುಂಬಬೇಡ, ಒಡ್ಕೊಳುತ್ತೆ.

ಗ್ರೈಂಡರ್ ಈಗ್ಲೇ ತಗೋಬೇಡ, ನಂದು ತಗೊಂಡ್ ಹೋಗು. 20 ಮನೆಗೆ ಶುರು ಮಾಡು, ಫ್ರೀ ಸ್ಯಾಂಪಲ್ ಬೇಡ. ಮೊದಲ್ನೇ ವಾರ ಪ್ರೀತಿಗೆ ಎಲ್ರೂ ತಗೋತಾರೆ, ಅದನ್ನ ನಂಬಬೇಡ. ಮೂರನೇ ವಾರ ನೀನು ಕೇಳ್ದೆ ಅವ್ರೇ ಮೆಸೇಜ್ ಹಾಕೋರು 12 ಮನೆ ಆದ್ರೂ ಇದ್ರೆ ಮುಂದುವರಿ, ದಿನಕ್ಕೆ 40 ಕೆಜಿ ಮುಟ್ಟಿದ್ರೆ ಟಿಲ್ಟಿಂಗ್ ಗ್ರೈಂಡರ್ ಯೋಚ್ನೆ ಮಾಡೋಣ, ಫುಡ್ ಲೈಸೆನ್ಸಿನ ರಿಜಿಸ್ಟ್ರೇಷನ್ ಮಾತ್ರ ಶುರುವಿನಲ್ಲೇ ಮಾಡಿಸ್ಕೊ. ಐದೇ ಮನೆ ಉಳಿದ್ರೆ, ಬಿಟ್ಟೋರಿಗೆ ಫೋನ್ ಮಾಡಿ ಯಾಕೆ ಬಿಟ್ರಿ ಅಂತ ಕೇಳು, ಬೈದ್ರೂ ಬರ್ಕೊ.

ಭಾನುವಾರ ಬಾ, ಗ್ರೈಂಡರ್ ತೊಳ್ದಿಟ್ಟಿರ್ತೀನಿ. ಆ ಫ್ರಾಂಚೈಸಿಯವ್ನಿಗೆ ಟೋಕನ್ ಗೀಕನ್ ಏನೂ ಕೊಟ್ಟಿಲ್ಲ ತಾನೆ?