ಅಪ್‌ಡೇಟ್: 1,680 ಡಾಲರ್ ಬಿಲ್ 180ಕ್ಕೆ ಇಳಿಯಿತು

ನನ್ನ ಪ್ರಶ್ನೆ: "ಅಮೆರಿಕದಲ್ಲಿ ಕಂಪನಿ ಕೊಟ್ಟ ಇನ್ಶೂರೆನ್ಸ್ ಇದೆ. ಹೆಂಡತಿಯ ಆಪರೇಷನ್ ಆದ ಆಸ್ಪತ್ರೆ ಇನ್-ನೆಟ್‌ವರ್ಕ್, ಅಂದರೆ ಇನ್ಶೂರೆನ್ಸ್ ಜೊತೆ ಒಪ್ಪಂದ ಇರುವುದು; ಅನಸ್ತೇಶಿಯಾ ಡಾಕ್ಟರ್ ಔಟ್-ಆಫ್-ನೆಟ್‌ವರ್ಕ್, ಒಪ್ಪಂದ ಇಲ್ಲದವರು. ಅವರ 1,680 ಡಾಲರ್ ಬಿಲ್ ಕಟ್ಟಲೇಬೇಕಾ?"

ಬೇಕಿಲ್ಲ. ಇಲ್ಲಿ ಕೆಲವರು ಹೇಳಿದ ಹಾಗೆ ಬಿಲ್ ಮತ್ತು ಇಒಬಿ ಎರಡನ್ನೂ ಪಕ್ಕಪಕ್ಕ ಇಟ್ಟು, ಚಿಕಿತ್ಸೆಯ ತಾರೀಖು ತಾಳೆ ನೋಡಿದೆ. ಇಒಬಿ ಬಿಲ್ ಅಲ್ಲ, ಇನ್ಶೂರೆನ್ಸ್‌ನವರು ಕೊಡುವ ಲೆಕ್ಕ ಅಷ್ಟೇ. ಅದರಲ್ಲಿ ಡಾಕ್ಟರ್ ಕೇಳಿದ್ದು 2,400, ಪ್ಲ್ಯಾನ್ ಒಪ್ಪಿದ ದರ 900. ನಮ್ಮ ಡಿಡಕ್ಟಿಬಲ್, ಅಂದರೆ ಪ್ಲ್ಯಾನ್ ಕೊಡಲು ಶುರು ಮಾಡುವ ಮೊದಲು ವರ್ಷಕ್ಕೆ ನಾವೇ ಕಟ್ಟಬೇಕಾದ ಮೊತ್ತ, ಆಗಲೇ ಮುಗಿದಿತ್ತು. ಹಾಗಾಗಿ ಪ್ಲ್ಯಾನ್ 720 ಕೊಟ್ಟಿತ್ತು, ನಮ್ಮ ಪಾಲು 20%, ಅಂದರೆ 180. ಉಳಿದ 1,500 ಅನ್ನೂ ಡಾಕ್ಟರ್ ಆಫೀಸಿನವರು ನಮ್ಮ ಮೇಲೇ ಹಾಕಿದ್ದರು!

2022ರಿಂದ ಜಾರಿಯಲ್ಲಿರುವ ನೋ ಸರ್ಪ್ರೈಸಸ್ ಆ್ಯಕ್ಟ್ ಪ್ರಕಾರ ಇನ್-ನೆಟ್‌ವರ್ಕ್ ಆಸ್ಪತ್ರೆಯಲ್ಲಿ ಅನಸ್ತೇಶಿಯಾಕ್ಕೆ ಹೀಗೆ ವ್ಯತ್ಯಾಸದ ಹಣ ಕೇಳುವಂತಿಲ್ಲ. ಇನ್ಶೂರೆನ್ಸ್‌ಗೆ ಫೋನ್ ಮಾಡಿ, ಡಾಕ್ಟರ್ ಆಫೀಸಿಗೆ ಇಒಬಿ ಕಳಿಸಿ ಈ ಕಾಯ್ದೆಯ ಹೆಸರು ಬರೆದೆ. ಹೊಸ ಬಿಲ್ ಬಂತು, 180 ಕಟ್ಟಿದೆ. ಆ ಹಣ ವರ್ಷಕ್ಕೆ ನಾವು ಕೈಯಿಂದ ಕಟ್ಟಬೇಕಾದ ಇನ್-ನೆಟ್‌ವರ್ಕ್ ಗರಿಷ್ಠ ಮಿತಿಯ ಲೆಕ್ಕಕ್ಕೂ ಸೇರಿದೆ, ಅದನ್ನೂ ನೋಡಿಕೊಳ್ಳಿ.

ಆದರೆ ನಾವೇ ಔಟ್-ಆಫ್-ನೆಟ್‌ವರ್ಕ್ ಡಾಕ್ಟರ ಕ್ಲಿನಿಕ್‌ಗೆ ಹೋಗಿ ತೋರಿಸಿಕೊಂಡರೆ ಈ ರಕ್ಷಣೆ ಸಿಗಲ್ಲ. ರಸ್ತೆ ಆಂಬ್ಯುಲೆನ್ಸ್‌ಗೂ ಈ ಕಾಯ್ದೆ ಅನ್ವಯಿಸಲ್ಲ.