ನೆನೆಸಿದ ರಾಜ್ಮಾ ತಿಂದೂ ವಾಂತಿ ಯಾಕೆ?

ಕೊಥ್ರೂಡ್ ರೂಮ್‌ಮೇಟ್: ಪುಣೆಯಲ್ಲಿ ಮೂವರು ಹುಡುಗರು ಒಂದೇ ರೂಮಿನಲ್ಲಿದ್ದೇವೆ. ರಾಜ್ಮಾ ರಾತ್ರಿಯೆಲ್ಲ ನೆನೆಸಿ, ಬೆಳಗ್ಗೆ ಸ್ಲೋ ಕುಕ್ಕರಿನಲ್ಲಿ ಸಣ್ಣ ಶಾಖಕ್ಕಿಟ್ಟು ಆಫೀಸಿಗೆ ಹೋದೆ. ರಾತ್ರಿ 9ಕ್ಕೆ ಊಟ, 11ಕ್ಕೆ ಮೂವರಿಗೂ ವಾಂತಿ, ಆಮೇಲೆ ಭೇದಿ. ಬೆಳಗಿನ ಜಾವಕ್ಕೆ ಎಲ್ಲರೂ ಸರಿಯಾದೆವು. ಕಾಳು ಹಳೆಯದಿತ್ತಾ?

ಚಿಂಚವಾಡದ ಕಾಕಾ: ಗ್ಯಾಸ್ ಅಷ್ಟೇ. ಮುಂದಿನ ಸಲ ಇಂಗು, ಓಂಕಾಳು ಜಾಸ್ತಿ ಹಾಕು ತಮ್ಮಾ.

ಮಡಗಾಂವ್ ಅಕ್ಕ: ಕಾಕಾ, ಗ್ಯಾಸಿಗೆ ಮೂವರೂ ಒಟ್ಟಿಗೆ ವಾಂತಿ ಮಾಡ್ತಾರಾ? ನಾನು ಆಹಾರ ಪರೀಕ್ಷೆ ಲ್ಯಾಬಿನಲ್ಲಿದ್ದವಳು. ಕೆಂಪು ರಾಜ್ಮಾದಲ್ಲಿ ಲೆಕ್ಟಿನ್ ಅನ್ನೋ ವಿಷ ತುಂಬಾ ಇರುತ್ತೆ. ತಿಂದು 1ರಿಂದ 3 ಗಂಟೆಯಲ್ಲಿ ವಾಂತಿ, ಆಮೇಲೆ ಭೇದಿ, ಮುಂದಿನ ಮೂರ್ನಾಲ್ಕು ಗಂಟೆಯಲ್ಲಿ ಸುಧಾರಣೆ. ನಿಮ್ಮ ಕಥೆ ಅದಕ್ಕೇ ಹೊಂದುತ್ತೆ. ಅದು ಸಾಯೋದು ಕೊತಕೊತ ಕುದಿದಾಗ. ಸ್ಲೋ ಕುಕ್ಕರ್ ಸಣ್ಣ ಶಾಖದಲ್ಲಿ ಕುದಿಯೋ ಮಟ್ಟಕ್ಕೆ ಹೋಗದೇ ಇರಬಹುದು. 80 ಡಿಗ್ರಿ ಹತ್ತಿರ ನಿಂತರೆ ಕಾಳು ಮೆತ್ತಗಾಗುತ್ತೆ, ವಿಷ ಹಾಗೇ ಉಳಿಯುತ್ತೆ. ಹಸಿ ಕಾಳಿಗಿಂತ ಹೆಚ್ಚಾಗೋದೂ ಉಂಟು.

ಹುಬ್ಬಳ್ಳಿ ಟು ಹಡಪ್ಸರ್: ನೆನೆಸಿದ ನೀರು ಚೆಲ್ಲಿದರೆ ವಿಷ ಹೋಗುತ್ತೆ ಅಲ್ವಾ? ನಮ್ಮಮ್ಮ ಯಾವಾಗಲೂ ಚೆಲ್ತಾರೆ.

ಮಡಗಾಂವ್ ಅಕ್ಕ: ಸ್ವಲ್ಪ ಹೋಗುತ್ತೆ, ಅಷ್ಟರಿಂದ ಸಾಲಲ್ಲ. ಅಮ್ಮ ಮಾಡೋದು ಸರಿ, ಆದರೆ ಕಾಪಾಡೋದು ಆಮೇಲಿನ ಕುದಿ. ಕನಿಷ್ಠ 5 ಗಂಟೆ ನೆನೆಸಿ, ನೀರು ಬಸಿದು, ಹೊಸ ನೀರಿನಲ್ಲಿ ಚೆನ್ನಾಗಿ ಕುದಿಯಲು ಶುರುವಾದ ಮೇಲೆ 30 ನಿಮಿಷ ಬಿಡಿ. ಪ್ರೆಶರ್ ಕುಕ್ಕರ್ ಆದರೆ ಇನ್ನೂ ಸುಲಭ, ಒಳಗೆ ಸುಮಾರು 120 ಡಿಗ್ರಿ ಇರುತ್ತೆ. ನಾನು ನಾಲ್ಕು ಕೂಗು ಬಂದ ಮೇಲೆ ಉರಿ ಸಣ್ಣ ಮಾಡಿ 15 ನಿಮಿಷ ಇಡ್ತೀನಿ, ಆವಿ ತಾನಾಗಿ ಇಳಿಯಲಿ ಅಂತ ಬಿಡ್ತೀನಿ. ಸ್ಲೋ ಕುಕ್ಕರೇ ಬೇಕಾ? ಮೊದಲು ಒಲೆ ಮೇಲೆ ಕುದಿಸಿ, ಆಮೇಲೆ ಅದಕ್ಕೆ ಹಾಕಿ. ಬೆಂದಿದೆಯಾ ನೋಡೋಕೆ ಅರೆಬೆಂದ ಕಾಳನ್ನು ಬಾಯಿಗೆ ಹಾಕಬೇಡಿ. ನಾಲ್ಕೈದು ಹಸಿ ಕಾಳೇ ಸಾಕು ಹೊಟ್ಟೆ ಕೆಡೋಕೆ.

ಸಾಂಗ್ಲಿ ಸೊಸೆ: ಅಯ್ಯೋ, ಹಾಗಾದ್ರೆ ಮೊಳಕೆ ಹೆಸರುಕಾಳು ಕೋಸಂಬರಿನೂ ಬಿಡಬೇಕಾ?

ಮಡಗಾಂವ್ ಅಕ್ಕ: ಬೇಡ. ಹೆಸರುಕಾಳಿನಲ್ಲಿ ಅಷ್ಟು ವಿಷ ಇಲ್ಲ. ರಾಜ್ಮಾ ಮೊಳಕೆ ಮಾತ್ರ ಹಸಿ ತಿನ್ನಬೇಡಿ.

ಹುಬ್ಬಳ್ಳಿ ಟು ಹಡಪ್ಸರ್: ಒಂದು ಅನುಮಾನ ಅಕ್ಕ. ಬೆಳಗಿನ ಅನ್ನ ಹೊರಗಿಟ್ಟು ರಾತ್ರಿ ತಿಂದರೂ ಹೀಗೇ ವಾಂತಿ ಬರುತ್ತಲ್ವಾ?

ಕೊಥ್ರೂಡ್ ರೂಮ್‌ಮೇಟ್: ನಿಜ, ಅನ್ನ ಬೆಳಗಿನದೇ. ಆದರೆ ಒಬ್ಬ ಅನ್ನ ಮುಟ್ಟಲೇ ಇಲ್ಲ, ಚಪಾತಿ ಜೊತೆ ತಿಂದ. ಅವನಿಗೇ ಜಾಸ್ತಿ ಆಗಿದ್ದು.

ಮಡಗಾಂವ್ ಅಕ್ಕ: ಹಾಗಾದರೆ ನನ್ನ ಸಂಶಯ ರಾಜ್ಮಾ ಮೇಲೇ. ಲ್ಯಾಬಿಗೆ ಕೊಡದೆ ಖಚಿತ ಹೇಳಲಾರೆ. ಮಿಕ್ಕಿದ್ದು ಫ್ರಿಜ್ಜಿನಲ್ಲಿದೆಯಾ?

ಕೊಥ್ರೂಡ್ ರೂಮ್‌ಮೇಟ್: ಚೆಲ್ಲಿಬಿಟ್ಟೆವು.

ಚಿಂಚವಾಡದ ಕಾಕಾ: ಆದ್ರೂ ಇಂಗು ಹಾಕು.