ಮನೆ ವೈರಿಂಗ್ ಆನ್‌ಲೈನ್ ಕೋರ್ಸ್: ಯಾವ ಮಾಡ್ಯೂಲಿನಿಂದ ಕೆಲಸ ಶುರು ಮಾಡಬೇಕು?

ಪ್ರಶ್ನೆ (ಪಾಲಿಟೆಕ್ನಿಕ್ ಮೇಷ್ಟ್ರು):
ಎಲೆಕ್ಟ್ರಿಕಲ್ ವಿಭಾಗದಲ್ಲಿ ಪಾಠ ಮಾಡುತ್ತೇನೆ. ಮನೆ ವೈರಿಂಗ್ ಬಗ್ಗೆ ಕನ್ನಡದಲ್ಲಿ ಕೋರ್ಸ್ ಮಾಡಬೇಕು. 6 ಮಾಡ್ಯೂಲ್: ಕರೆಂಟ್-ವೋಲ್ಟೇಜ್, ವೈರ್ ಮತ್ತು ಸಾಮಾನು, ಅಪಾಯ ಬಂದಾಗ ಕರೆಂಟ್ ತಾನಾಗಿ ಕಡಿಯುವ ಎಂಸಿಬಿ-ಆರ್‌ಸಿಸಿಬಿ, ಸ್ವಿಚ್ ಸರ್ಕ್ಯೂಟ್, ಅರ್ಥಿಂಗ್, ಫಾಲ್ಟ್ ಹುಡುಕೋದು. ರೆಕಾರ್ಡ್ ಮಾಡಿದ ಪಾಠ, ಸ್ಲೈಡ್, ಪುಟ್ಟ ಅನಿಮೇಶನ್, ಕ್ವಿಜ್ ಎಲ್ಲ ಇರಬೇಕು. ಇರುವುದು 10 ವಾರ. ನಾನು, ಎಡಿಟಿಂಗ್ ಗೊತ್ತಿರುವ ಗೆಳೆಯ, ಅನಿಮೇಶನ್ ಕಲಿತ ಒಬ್ಬ ವಿದ್ಯಾರ್ಥಿ, ಇಷ್ಟೇ ಜನ. ಮಾಡ್ಯೂಲಿಗೆ ಒಂದೊಂದು ನಿಮಿಷದ 3 ಅನಿಮೇಶನ್ ಅಂದುಕೊಂಡಿದ್ದೇನೆ. ಮಾಡ್ಯೂಲ್ 1ರಿಂದ ಸಾಲಾಗಿ ಮುಗಿಸುತ್ತಾ ಹೋಗೋದಾ, ಅಥವಾ ಪಾಠವೆಲ್ಲ ಮೊದಲು ರೆಕಾರ್ಡ್ ಮಾಡಿ ಆಮೇಲೆ ಉಳಿದದ್ದು ನೋಡೋದಾ?

ಕೋರ್ಸ್ ತಯಾರಿ ಕೆಲಸ ಮಾಡುವವರು:
ಎರಡೂ ಬೇಡ ಸರ್. ಮೊದಲು ಒಂದು ವಿಷಯ ಹೇಳಿ. ಆ ವಿದ್ಯಾರ್ಥಿ ವಾರಕ್ಕೆ ಎಷ್ಟು ಅನಿಮೇಶನ್ ಮುಗಿಸಬಲ್ಲ? ಶುರು ಮಾಡುವುದು ಎಷ್ಟು ಅಂತ ಅಲ್ಲ, ನೀವು ನೋಡಿ, ತಿದ್ದಿಸಿ, ಸರಿ ಅಂದ ಮೇಲೆ ಕೈಗೆ ಬರುವುದು ಎಷ್ಟು?

ಪಾಲಿಟೆಕ್ನಿಕ್ ಮೇಷ್ಟ್ರು:
ಸಂಜೆ ಹೊತ್ತು ಮಾತ್ರ ಮಾಡುತ್ತಾನೆ ಮೇಡಂ. ವಾರಕ್ಕೆ ಹೆಚ್ಚೆಂದರೆ 1 ನಿಮಿಷ. ನಡುವೆ ಒಂದು ವಾರ ಅವನಿಗೆ ಇಂಟರ್ನಲ್ಸ್ ಇದೆ.

ಕೋರ್ಸ್ ತಯಾರಿ ಕೆಲಸ ಮಾಡುವವರು:
ಹಾಗಾದರೆ ನಿಮ್ಮ ಪ್ಲಾನ್ ಅಲ್ಲೇ ಮುರಿಯುತ್ತದೆ. ಮೊದಲ ವಾರ ಅವನಿಗೆ ಕೊಡಲು ನಿಮ್ಮ ಹತ್ತಿರ ಏನೂ ಇರುವುದಿಲ್ಲ. ಕೊನೆಯ ಎರಡು ವಾರ ಹೊಸದೇನೂ ಮಾಡಿಸಬಾರದು. 2ರಿಂದ 8ನೇ ವಾರದವರೆಗೆ 7 ವಾರ, ಇಂಟರ್ನಲ್ಸ್ ಕಳೆದರೆ 6. ಅಂದರೆ ಇಡೀ ಕೋರ್ಸಿಗೆ 6 ನಿಮಿಷ. ನೀವು ಕೇಳುತ್ತಿರುವುದು 18 ನಿಮಿಷ.

ಪಾಠ, ಸ್ಲೈಡ್, ಕ್ವಿಜ್ ಎಲ್ಲ ನಿಮ್ಮ ಕೈಯಲ್ಲೇ ಇದೆ. ಒಂದು ರಾತ್ರಿ ಎದ್ದು ಕೂತು ಮುಗಿಸಬಹುದು. ಅನಿಮೇಶನ್ ಹಾಗೆ ಆಗುವುದಿಲ್ಲ. ಹಾಗಾಗಿ ಅದನ್ನು ಹಿಡಿದುಕೊಂಡೇ ಉಳಿದ ಪ್ಲಾನ್ ಹಾಕಬೇಕು.

ಯಾವುದಕ್ಕೆ ಅನಿಮೇಶನ್ ಬೇಕು ಅನ್ನುವುದಕ್ಕೆ ನಾನು ಇಟ್ಟುಕೊಂಡಿರುವ ನಿಯಮ ಇಷ್ಟೇ. ಕಣ್ಣಿಗೆ ಕಾಣುವುದನ್ನು ಕ್ಯಾಮೆರಾದಲ್ಲಿ ತೋರಿಸಿ. ಒಂದಾದ ಮೇಲೆ ಒಂದು ಬರುವುದನ್ನು ಸ್ಲೈಡಿನಲ್ಲಿ ಹಂತ ಹಂತವಾಗಿ ತೆರೆಯಿರಿ. ಕಣ್ಣಿಗೆ ಕಾಣದೆ ಒಳಗೆ ನಡೆಯುವುದಕ್ಕೆ ಮಾತ್ರ ಅನಿಮೇಶನ್. ಹೀಗೆ ಸೋಸಿದರೆ ಮಾಡ್ಯೂಲ್ 2ಕ್ಕೂ 6ಕ್ಕೂ ಏನೂ ಬೇಡ, ಅಲ್ಲಿ ಎಲ್ಲ ಮೇಜಿನ ಮೇಲೇ ಇರುತ್ತದೆ. ಮಾಡ್ಯೂಲ್ 1ಕ್ಕೆ 90 ಸೆಕೆಂಡ್. ಮಾಡ್ಯೂಲ್ 3ಕ್ಕೆ ಎರಡು ಸೇರಿ 105 ಸೆಕೆಂಡ್. ಮಾಡ್ಯೂಲ್ 4ರಲ್ಲಿ ಮೆಟ್ಟಿಲಿನ ಟೂ-ವೇ ಸ್ವಿಚ್‌ಗೆ 45. ಅರ್ಥಿಂಗ್‌ಗೆ 60. ಒಟ್ಟು 5 ನಿಮಿಷ. ಉಳಿದ 1 ನಿಮಿಷ ತಿದ್ದುಪಡಿಗೆ ಇರಲಿ, ಅದು ಖಂಡಿತ ಬೇಕಾಗುತ್ತದೆ.

ಕೋಚಿಂಗ್ ಗಣಿತದವರು:
ಇಷ್ಟೆಲ್ಲ ಯಾಕೆ ಸರ್? ನಾನು ಬೋರ್ಡ್ ಮುಂದೆ ಫೋನ್ ನಿಲ್ಲಿಸಿ ಒಂದು ಗಂಟೆ ಲೈವ್ ಮಾಡುತ್ತೇನೆ. ಮಕ್ಕಳು ಅಲ್ಲೇ ಡೌಟ್ ಕೇಳುತ್ತಾರೆ. ಸ್ಲೈಡೂ ಬೇಡ, ಎಡಿಟಿಂಗೂ ಬೇಡ.

ಪಾಲಿಟೆಕ್ನಿಕ್ ಮೇಷ್ಟ್ರು:
ಲೈವ್ ಅಲ್ಲ ಸರ್. ಕೆಲಸಕ್ಕೆ ಹೋಗುವ ಹುಡುಗರು ರಾತ್ರಿ ತಮಗೆ ಬಿಡುವಾದಾಗ ನೋಡಬೇಕು. ಡೌಟ್ ಕೇಳಲು ಯಾರೂ ಇರುವುದಿಲ್ಲ.

ಬಿಎಡ್ ಕಾಲೇಜಿನವರು:
ಒಂದು ಮಾತು. ಯಾವ ವಿಡಿಯೊನೂ 6 ನಿಮಿಷ ದಾಟಬಾರದು. ಎಡ್‌ಎಕ್ಸ್ ಎಂಬ ಆನ್‌ಲೈನ್ ತಾಣದ ಕೋರ್ಸುಗಳ ಮೇಲೆ 2014ರಲ್ಲಿ ಬಂದ ಅಧ್ಯಯನದಲ್ಲಿ ಇದು ಸಾಬೀತಾಗಿದೆ.

ಕೋರ್ಸ್ ತಯಾರಿ ಕೆಲಸ ಮಾಡುವವರು:
ಅರ್ಧ ಸರಿ. ಆ ಅಧ್ಯಯನ ಅಳೆದದ್ದು ಜನ ಎಷ್ಟು ಹೊತ್ತು ನೋಡಿದರು ಅನ್ನುವುದನ್ನು. ಎಷ್ಟು ಕಲಿತರು ಅನ್ನುವುದನ್ನು ಅಲ್ಲ. ಕೂತು ವಿವರಿಸುವ ಪಾಠಕ್ಕೆ 6 ನಿಮಿಷ ಒಳ್ಳೆಯ ಗುರಿ. ಆದರೆ ಎಂಸಿಬಿಗಳನ್ನು ಕೂರಿಸುವ ಡಿಬಿ ಬಾಕ್ಸಿಗೆ ವೈರ್ ಕಟ್ಟಿ ತೋರಿಸುತ್ತಿರುವಾಗ 6 ನಿಮಿಷ ಆಯಿತು ಅಂತ ಸ್ಕ್ರೂ ಅರ್ಧ ತಿರುಗಿಸಿ ನಿಲ್ಲಿಸೋಕಾಗುತ್ತಾ? ಅದು 9 ನಿಮಿಷ ಆದರೂ ಆಗಲಿ.

ಈಗ ಸಾಲಿನ ವಿಷಯಕ್ಕೆ ಬರುತ್ತೇನೆ. ಮೊದಲು ತಯಾರಿಸಬೇಕಾದದ್ದು ಮಾಡ್ಯೂಲ್ 3. ಅದರಲ್ಲಿ ಎಲ್ಲ ಬಗೆಯ ಕೆಲಸವೂ ಇದೆ: ಮಾತು, ಸ್ಲೈಡ್, ಅನಿಮೇಶನ್, ಡೆಮೊ. ನಿಮ್ಮ ಮೂವರ ಕೆಲಸ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ ಅಂತ ಅಲ್ಲೇ ಗೊತ್ತಾಗುತ್ತದೆ. ಮಾಡ್ಯೂಲ್ 1 ಎಲ್ಲರೂ ನೋಡುವಂಥದ್ದು. ನೀವು ಇನ್ನೂ ಕ್ಯಾಮೆರಾ ಮುಂದೆ ತಡವರಿಸುವಾಗ ಅದನ್ನು ಮಾಡಬೇಡಿ. ಆಮೇಲೆ 1, 5, 4. ಅನಿಮೇಶನ್ ಇಲ್ಲದ 2 ಮತ್ತು 6 ಕೊನೆಗೆ. ಹೀಗೆ ಮಾಡಿದರೆ ವಿದ್ಯಾರ್ಥಿಗೆ ಕೆಲಸ ಬೇಗ ಸಿಗುತ್ತದೆ, ನೀವು ಬರೆಯುತ್ತಿರುವಾಗ ಅವನು ಸುಮ್ನೆ ಕೂರುವುದಿಲ್ಲ.

ಮಾಡ್ಯೂಲ್ 3ನ್ನೇ ಬಿಡಿಸಿ ನೋಡೋಣ. ಕ್ವಿಜ್ ಮೊದಲು ಬರೆಯಿರಿ, ಕೊನೆಗೆ ಅಲ್ಲ. ನಿಮ್ಮ ಹುಡುಗರು ಇಲ್ಲಿ ಸಾಮಾನ್ಯವಾಗಿ ಏನು ತಪ್ಪು ತಿಳಿದಿರುತ್ತಾರೆ?

ಪಾಲಿಟೆಕ್ನಿಕ್ ಮೇಷ್ಟ್ರು:
ಆರ್‌ಸಿಸಿಬಿ ಹಾಕಿಬಿಟ್ಟರೆ ಎಲ್ಲದಕ್ಕೂ ರಕ್ಷಣೆ ಅಂದುಕೊಂಡಿರುತ್ತಾರೆ. ಓವರ್‌ಲೋಡ್ ಆದರೂ ಅದೇ ಬಿದ್ದು ಕರೆಂಟ್ ಕಡಿಯುತ್ತದೆ ಅಂತ. ಒಂದು ಕೈಯಲ್ಲಿ ಫೇಸ್, ಇನ್ನೊಂದರಲ್ಲಿ ನ್ಯೂಟ್ರಲ್ ಹಿಡಿದು, ನೆಲಕ್ಕೆ ಕರೆಂಟ್ ಸೋರದೇ ಇದ್ದರೆ ಅದು ಬೀಳುವುದೇ ಇಲ್ಲ. ಇದು ಹೇಳಿದರೆ ನಂಬುವುದಿಲ್ಲ.

ಕೋರ್ಸ್ ತಯಾರಿ ಕೆಲಸ ಮಾಡುವವರು:
ನೋಡಿ, ನಿಮ್ಮ ಸ್ಕ್ರಿಪ್ಟ್ ಇಲ್ಲೇ ಸಿಕ್ಕಿತು. ಆ ತಪ್ಪು ತಿಳಿವಳಿಕೆಗಳೇ ಕ್ವಿಜ್‌ನ ತಪ್ಪು ಉತ್ತರಗಳು. ಆನ್‌ಲೈನ್ ಕೋರ್ಸ್ ನಡೆಸುವ ಮೂಡಲ್ ಸಾಫ್ಟ್‌ವೇರ್ ಬಳಸುವುದಾದರೆ ಪ್ರಶ್ನೆಗಳನ್ನು ಹೀಗೆ ಸಾದಾ ಫೈಲಿನಲ್ಲಿ ಬರೆದು UTF-8 ಆಗಿ ಉಳಿಸಿ, ಒಟ್ಟಿಗೇ ಒಳಗೆ ತರಬಹುದು:

```
::M3-Q2::ಆರ್‌ಸಿಸಿಬಿ ಯಾವಾಗ ಬೀಳುತ್ತದೆ? {
=ಫೇಸ್‌ನಲ್ಲಿ ಹೋದಷ್ಟು ಕರೆಂಟ್ ನ್ಯೂಟ್ರಲ್‌ನಲ್ಲಿ ವಾಪಸ್ ಬರದಿದ್ದಾಗ
~ಲೋಡ್ ಜಾಸ್ತಿ ಆದಾಗ #ಅದು ಎಂಸಿಬಿ ಕೆಲಸ. ವಿಡಿಯೊ 2 ನೋಡಿ.
~ಯಾರಾದರೂ ವೈರ್ ಮುಟ್ಟಿದಾಗಲೆಲ್ಲ #ಸೋರಿಕೆ ಇದ್ದರೆ ಮಾತ್ರ. ವಿಡಿಯೊ 3.
}
```

ತಪ್ಪು ಉತ್ತರದ ಮುಂದೆ # ಹಾಕಿ ಬರೆದದ್ದು ಕಲಿಯುವವನಿಗೆ ಕಾಣಿಸುತ್ತದೆ. ಡೌಟ್ ಕೇಳಲು ಯಾರೂ ಇಲ್ಲ ಅಂದಿರಲ್ಲ, ಆ ಜಾಗ ತುಂಬುವುದು ಈ ಸಾಲು. ಇದಕ್ಕೆ ಸಮಯ ಕೊಡಿ.

ಪ್ರಶ್ನೆಗಳು ಸಿಕ್ಕ ಮೇಲೆ ವಿಡಿಯೊ ತಾನಾಗಿ ನಾಲ್ಕಾಗುತ್ತದೆ. ಒಂದು, ಓವರ್‌ಲೋಡ್ ಮತ್ತು ಶಾರ್ಟ್ ಸರ್ಕ್ಯೂಟ್‌ಗೆ ಇರುವ ವ್ಯತ್ಯಾಸ, ಬರೀ ಸ್ಲೈಡ್. ಎರಡು, ಎಂಸಿಬಿ ಒಳಗೆ ಬೈಮೆಟಲ್ ಪಟ್ಟಿ ಬಿಸಿಯಾಗಿ ಬಾಗುವುದು, ಕಾಯಿಲ್ ತಟ್ಟನೆ ಎಳೆಯುವುದು, 45 ಸೆಕೆಂಡ್ ಅನಿಮೇಶನ್. ಮೂರು, ಆರ್‌ಸಿಸಿಬಿಯ ಕೋರ್ ಒಳಗೆ ಹೋಗುವ ಮತ್ತು ಬರುವ ಕರೆಂಟ್ ಸಮ ಇದ್ದಾಗ ಏನೂ ಆಗದಿರುವುದು, 30 ಮಿಲಿಆಂಪ್ ಸೋರಿದಾಗ ಬೀಳುವುದು, 60 ಸೆಕೆಂಡ್. ನಾಲ್ಕು, ನಿಜವಾದ ಡಿಬಿ ಬಾಕ್ಸ್, ಟೆಸ್ಟ್ ಬಟನ್ ಒತ್ತಿ ತೋರಿಸುವುದು.

ಅನಿಮೇಶನ್ ಮಾಡುವವನು:
ನಾನು ಈ ಗುಂಪಿನವನೇ, ಬೇರೆ ಕಡೆ ಇದೇ ಕೆಲಸ ಮಾಡುತ್ತೇನೆ. ಆ ಹುಡುಗನ ಪರವಾಗಿ ಒಂದು ಕೋರಿಕೆ. ದನಿ ರೆಕಾರ್ಡ್ ಆಗುವ ಮೊದಲು ಅವನ ಕೈಗೆ ಕೆಲಸ ಕೊಡಬೇಡಿ. ಸ್ಕ್ರಿಪ್ಟಿನಲ್ಲಿ 45 ಸೆಕೆಂಡ್ ಅಂತ ಇರುತ್ತದೆ, ಮೇಷ್ಟ್ರು ಮಾತಾಡಿದಾಗ 70 ಆಗುತ್ತದೆ. ಆಗ ಚಲನೆಯೆಲ್ಲ ಎಳೆದು ಹಿಗ್ಗಿಸಬೇಕು. ಸೆಕೆಂಡಿಗೆ 25 ಫ್ರೇಮ್ ಲೆಕ್ಕದಲ್ಲಿ 25 ಸೆಕೆಂಡ್ ಅಂದರೆ 625 ಫ್ರೇಮ್.

ಕೋರ್ಸ್ ತಯಾರಿ ಕೆಲಸ ಮಾಡುವವರು:
ಸರಿಯಾಗಿ ಹೇಳಿದಿರಿ. ಪ್ಲಾನಿನಲ್ಲಿ ಎರಡು ಬೀಗ ಇರಬೇಕು. ಮೊದಲನೆಯದು ಸ್ಕ್ರಿಪ್ಟಿಗೆ: ಇನ್ನೊಬ್ಬ ಎಲೆಕ್ಟ್ರಿಕಲ್ ಮೇಷ್ಟ್ರು ಓದಿ ಒಪ್ಪಿದ ಮೇಲೆ ಬದಲಿಸುವಂತಿಲ್ಲ. ಎರಡನೆಯದು ದನಿಗೆ. ದನಿಯ ಫೈಲ್ ಮತ್ತು ಕೈಯಲ್ಲಿ ಬಿಡಿಸಿದ ಚೌಕಗಳು, ಯಾವ ಪದಕ್ಕೆ ಯಾವ ಚಿತ್ರ ಅಂತ, ಎರಡೂ ಒಟ್ಟಿಗೆ ವಿದ್ಯಾರ್ಥಿಗೆ ಹೋಗಲಿ. ಬಣ್ಣವನ್ನೂ ಅಲ್ಲೇ ಬರೆದುಬಿಡಿ: ಫೇಸ್ ಕೆಂಪು, ನ್ಯೂಟ್ರಲ್ ಕಪ್ಪು, ಅರ್ಥ್ ಹಸಿರು. ಎಲ್ಲಿಂದಲೋ ತಂದ ಯುರೋಪಿನ ಚಿತ್ರದಲ್ಲಿ ನ್ಯೂಟ್ರಲ್ ನೀಲಿ ಇರುತ್ತದೆ. ನಮ್ಮ ತ್ರೀ ಫೇಸ್ ವೈರಿಂಗಿನಲ್ಲಿ ನೀಲಿ ಅಂದರೆ ಫೇಸ್. ಇಂಥದ್ದು ಎಡಿಟಿಂಗ್ ಹೊತ್ತಿನಲ್ಲಿ ಯಾರ ಕಣ್ಣಿಗೂ ಬೀಳುವುದಿಲ್ಲ. ಆದರೆ ಅದನ್ನು ನೋಡಿ ಕಲಿತವನು ಕರೆಂಟ್ ಇರುವ ವೈರ್‌ಗೆ ಕೈ ಹಾಕುತ್ತಾನೆ.

ಎಡಿಟಿಂಗ್ ಮಾಡುವವರು:
ಸ್ಲೈಡ್ ವಿಷಯ ಮರೆತಿರಿ. ಹಳೆಯ ಪಿಪಿಟಿಗಳು ನುಡಿ ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡಿದ್ದಾ ಸರ್?

ಪಾಲಿಟೆಕ್ನಿಕ್ ಮೇಷ್ಟ್ರು:
ಹೌದು, ಸುಮಾರು ಎಲ್ಲವೂ ನುಡಿಯ ಹಳೆಯ ಫಾಂಟಿನಲ್ಲೇ ಇವೆ.

ಎಡಿಟಿಂಗ್ ಮಾಡುವವರು:
ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಗೋಜಲು ಕಾಣುತ್ತದೆ. ಮೊದಲ ವಾರದಲ್ಲೇ ಯೂನಿಕೋಡಿಗೆ ಬದಲಿಸಿ, ಒತ್ತಕ್ಷರ ಕಣ್ಣಾರೆ ನೋಡಿ ತಿದ್ದಿ. ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಕನ್ನಡ ಟೈಪ್ ಮಾಡಿದಾಗ ಒತ್ತಕ್ಷರ ಬಿಡಿಬಿಡಿಯಾಗಿ ಬಂದರೆ ಅದರ ಸೆಟ್ಟಿಂಗಿನಲ್ಲಿ ದಕ್ಷಿಣ ಏಷ್ಯಾ ಭಾಷೆಗಳ ಆಯ್ಕೆ ಇದೆಯಾ ನೋಡಿ. ಇಲ್ಲದಿದ್ದರೆ ಆ ಬರಹವನ್ನು ಸ್ಲೈಡಿನಲ್ಲೇ ಬರೆದು PNG ಚಿತ್ರವಾಗಿ ತಂದುಬಿಡಿ, ಜಗಳವೇ ಇಲ್ಲ.

ಇನ್ನೊಂದು. ಲ್ಯಾಬಿನಲ್ಲಿ ಎಲ್‌ಇಡಿ ದೀಪದ ಕೆಳಗೆ ಫೋನಿನಲ್ಲಿ 30 ಫ್ರೇಮಿಗೆ ತೆಗೆದರೆ ಹಲವು ಸಲ ಚಿತ್ರದಲ್ಲಿ ಪಟ್ಟಿಗಳು ಓಡುತ್ತವೆ. ನಮ್ಮ ಕರೆಂಟ್ 50 ಹರ್ಟ್ಜ್. 25 ಫ್ರೇಮ್ ಇಟ್ಟು ಶಟರ್ 1/50 ಮಾಡಿ. ಅನಿಮೇಶನ್ ಕೂಡ 25ರಲ್ಲೇ ಇರಲಿ.

ಪಾಲಿಟೆಕ್ನಿಕ್ ಮೇಷ್ಟ್ರು:
ವಾರದ ಲೆಕ್ಕದಲ್ಲಿ ಹೇಳಿಬಿಡಿ ಮೇಡಂ.

ಕೋರ್ಸ್ ತಯಾರಿ ಕೆಲಸ ಮಾಡುವವರು:
ಮೊದಲ ವಾರ ಆರೂ ಮಾಡ್ಯೂಲಿನ ಕ್ವಿಜ್ ಪ್ರಶ್ನೆ, ಮಾಡ್ಯೂಲ್ 3ರ ಸ್ಕ್ರಿಪ್ಟ್. 2 ಮತ್ತು 3ನೇ ವಾರ ಮಾಡ್ಯೂಲ್ 3 ಪೂರ್ತಿ, ಕ್ವಿಜ್ ಅಪ್‌ಲೋಡ್ ಆಗುವವರೆಗೆ. ಅದೇ ಹೊತ್ತಿಗೆ ಮಾಡ್ಯೂಲ್ 1ರ ಸ್ಕ್ರಿಪ್ಟ್ ಮತ್ತು ದನಿ ಸಿದ್ಧವಾಗಲಿ. 4ನೇ ವಾರ ನಿಮ್ಮ ವಿದ್ಯಾರ್ಥಿಗಳಲ್ಲದ ಐದಾರು ಹುಡುಗರಿಗೆ ಮಾಡ್ಯೂಲ್ 3 ತೋರಿಸಿ. ಪಕ್ಕದಲ್ಲಿ ಕೂರಿ, ಮಾತಾಡಬೇಡಿ. ಎಲ್ಲಿ ಹಿಂದಕ್ಕೆ ಹೋಗಿ ಮತ್ತೆ ನೋಡುತ್ತಾರೆ, ಯಾವ ಪ್ರಶ್ನೆಗೆ ಎಲ್ಲರೂ ಒಂದೇ ತಪ್ಪು ಉತ್ತರ ಒತ್ತುತ್ತಾರೆ, ಬರೆದುಕೊಳ್ಳಿ. ಎಲ್ಲರೂ ಒಂದೇ ಕಡೆ ತಪ್ಪಿದರೆ ವಿಡಿಯೊ ಸರಿಯಿಲ್ಲ, ಅಥವಾ ಪ್ರಶ್ನೆಯ ಮಾತು ಸರಿಯಿಲ್ಲ.

5ರಿಂದ 8 ಉಳಿದ ಐದು ಮಾಡ್ಯೂಲ್. ಮಾತಿನ ಭಾಗ ಒಂದೊಂದಾಗಿ ಮಾಡಿ, ಆದರೆ ಲ್ಯಾಬ್ ಡೆಮೊಗಳನ್ನು ಮಾತ್ರ ಒಂದೆರಡು ದಿನದಲ್ಲಿ ಒಟ್ಟಿಗೆ ತೆಗೆದುಬಿಡಿ. ದೀಪ, ಮೈಕ್, ಬೋರ್ಡ್ ಮತ್ತೆ ಮತ್ತೆ ಜೋಡಿಸುವ ರಗಳೆ ತಪ್ಪುತ್ತದೆ. 9ನೇ ವಾರ ಸಬ್‌ಟೈಟಲ್, ಎಲ್ಲ ಲಿಂಕ್ ಒತ್ತಿ ನೋಡುವುದು. 10 ಖಾಲಿ ಬಿಡಿ.

ಬಿಎಡ್ ಕಾಲೇಜಿನವರು:
ಕ್ವಿಜ್ ಪಾಸಾಗದೆ ಮುಂದಿನ ಮಾಡ್ಯೂಲ್ ತೆರೆಯಬಾರದು. ಇಲ್ಲದಿದ್ದರೆ ಯಾರೂ ಕ್ವಿಜ್ ಮಾಡುವುದಿಲ್ಲ.

ಕೋರ್ಸ್ ತಯಾರಿ ಕೆಲಸ ಮಾಡುವವರು:
ನಾನು ಒಪ್ಪುವುದಿಲ್ಲ. ಈಗಾಗಲೇ ಕೆಲಸ ಮಾಡುತ್ತಿರುವ ಹುಡುಗ ಅರ್ಥಿಂಗ್ ಒಂದನ್ನೇ ನೋಡಲು ಬಂದಿರಬಹುದು. ಅವನನ್ನು ಯಾಕೆ ತಡೆಯಬೇಕು?

ಪಾಲಿಟೆಕ್ನಿಕ್ ಮೇಷ್ಟ್ರು:
ಮಾಡ್ಯೂಲ್ 6ಕ್ಕೆ ಮಾತ್ರ ತಡೆ ಇಡಬೇಕು ಅನ್ನಿಸುತ್ತಿದೆ. ಫಾಲ್ಟ್ ಹುಡುಕುವವನು ಮೇನ್ ಆಫ್ ಮಾಡಿ ಟೆಸ್ಟರ್ ಹಿಡಿಯೋದು ಗೊತ್ತಿಲ್ಲದೆ ಡಿಬಿ ಬಿಚ್ಚಬಾರದು.

ಅನಿಮೇಶನ್ ಮಾಡುವವನು:
ತಡೆ ಇಟ್ಟರೆ ಅದೇ ವಿಡಿಯೊ ಯಾರೋ ವಾಟ್ಸಾಪಿನಲ್ಲಿ ಹಂಚುತ್ತಾರೆ ಸರ್. ಎಚ್ಚರಿಕೆಯ ಮಾತು ವಿಡಿಯೊ ಒಳಗೇ ಇರಲಿ, ಮಾಡ್ಯೂಲ್ 6ರ ಪ್ರತಿ ತುಣುಕಿನ ಮೊದಲ 10 ಸೆಕೆಂಡ್.